ಹೆಸರು ಕೇಳಲು ಆರು ತಿಂಗಳು: ಮಡಿಕೇರಿಯ ಇಬ್ಬರು ವಾಕಿಂಗ್ ಗೆಳೆಯರ ಪ್ರಕರಣ

ಈ ಪ್ರಕರಣದಲ್ಲಿ ಇರುವವರು ಇಬ್ಬರು. ಒಬ್ಬರು ಅರಸೀಕೆರೆ ಕಡೆಯ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ವಯಸ್ಸು 63. ಮಗಳಿಗೆ ಮಡಿಕೇರಿಯಲ್ಲಿ ಕೆಲಸ ಸಿಕ್ಕಿತು ಅಂತ ಗಂಡ ಹೆಂಡತಿ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದರು. ಇನ್ನೊಬ್ಬರು ಸುಂಟಿಕೊಪ್ಪ ಕಡೆಯ ಒಂದು ಕಾಫಿ ತೋಟದಲ್ಲಿ ವರ್ಷಾನುಗಟ್ಟಲೆ ರೈಟರ್ ಆಗಿದ್ದವರು, ವಯಸ್ಸು 60. ತೋಟದ ಲೈನ್ ಮನೆಗಳಿಂದ ಬೆಳಗ್ಗೆ ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ ಅಂತ ಚೆಕ್‌ರೋಲ್ ಬರೆಯುವುದೇ ಅವರ ಅರ್ಧ ಜೀವನ ಆಗಿತ್ತು. ಈಗ ಮಡಿಕೇರಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಇಬ್ಬರ ಹೆಸರೂ ಇಲ್ಲಿ ಬೇಡ. ಮೇಷ್ಟ್ರು, ರೈಟರು ಅಂತಲೇ ಕರೆಯೋಣ. ಈಗ ಅವರಿಬ್ಬರೂ ಒಬ್ಬರನ್ನೊಬ್ಬರು ಕರೆಯುವುದೂ ಹಾಗೇ.

ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದವನು, ಅದೇ ಪಾರ್ಕಿನಲ್ಲಿ ನಡೆಯುವವನು. ಇವರಿಬ್ಬರ ಸ್ನೇಹ ಗಟ್ಟಿಯಾದ ಮೇಲೆ ಇದು ಹೇಗೆ ಶುರುವಾಯಿತು ಅಂತ ಕುತೂಹಲಕ್ಕೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ, ಬರೆಯುತ್ತೇನೆ ಅಂತ ಹೇಳಿ ಒಪ್ಪಿಗೆಯನ್ನೂ ತಗೊಂಡೆ. ಬೇರೆ ಬೇರೆ ಕೇಳಿದ್ದು ಒಳ್ಳೆಯದಾಯಿತು. ಯಾಕೆ ಅಂದರೆ ಮೊದಲ ಪ್ರಶ್ನೆಗೇ ಉತ್ತರ ಹೊಂದಲಿಲ್ಲ. ಮೊದಲು ತಲೆ ಆಡಿಸಿದ್ದು ಯಾರು? "ಅವರೇ ಸಾರ್" ಅಂತ ಮೇಷ್ಟ್ರು. "ಅವರೇ" ಅಂತ ರೈಟರೂ.

ಪಾರ್ಕ್ ಬಗ್ಗೆ ಸ್ವಲ್ಪ ಹೇಳಬೇಕು, ಕಥೆಯ ಅರ್ಧ ಅಲ್ಲೇ ಇದೆ. ಮಡಿಕೇರಿ, ಪಾರ್ಕ್ ಅಂದ ಕೂಡಲೇ ಎಲ್ಲರಿಗೂ ರಾಜಾಸೀಟ್ ನೆನಪಾಗುತ್ತದೆ. ಇದು ಅದಲ್ಲ. ರಾಜಾಸೀಟಿನಲ್ಲಿ ಪ್ರವಾಸಿಗರು ಜಾಸ್ತಿ, ಇವತ್ತು ಕಂಡ ಮುಖ ನಾಳೆ ಇರುವುದಿಲ್ಲ. ಅಂಥ ಕಡೆ ತಲೆ ಆಡಿಸುವ ಪರಿಚಯ ಹುಟ್ಟುವುದು ಕಷ್ಟ. ಇದು ಬಡಾವಣೆಯೊಳಗಿನ ಚಿಕ್ಕ ಪಾರ್ಕು. ನಡುವೆ ಹುಲ್ಲು, ಅಂಚಿಗೆ ಕ್ರೋಟನ್ ಗಿಡ, ಎರಡು ಸಿಮೆಂಟ್ ಬೆಂಚು, ಸುತ್ತಲೂ ಮುನ್ನೂರು ಮೀಟರಿನಷ್ಟು ದಾರಿ. ಬೆಳಗ್ಗೆ ಆರೂಕಾಲರಿಂದ ಏಳರ ತನಕ ಬರುವವರು ಹದಿನೈದು ಇಪ್ಪತ್ತು ಜನ, ದಿನಾ ಅದೇ ಮುಖಗಳು.

ಮೇಷ್ಟ್ರು ಸುತ್ತುವುದು ಎಡದಿಂದ ಬಲಕ್ಕೆ, ದೇವಸ್ಥಾನದ ಪ್ರದಕ್ಷಿಣೆಯ ಅಭ್ಯಾಸ. ರೈಟರು ಉಲ್ಟಾ ಬರುತ್ತಿದ್ದರು. ಬೇರೆ ಕಾರಣ ಏನೂ ಇಲ್ಲ, ಅವರ ಮನೆ ಕಡೆಯ ಗೇಟಿನಿಂದ ಒಳಗೆ ಬಂದರೆ ಆ ತಿರುವು ಸುಲಭ, ಅಷ್ಟೇ. ಇಬ್ಬರೂ ಒಂದೇ ದಿಕ್ಕಿಗೆ, ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ನಡೆದಿದ್ದರೆ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಎದುರು ಬದುರು ನಡೆದದ್ದರಿಂದ ಒಂದು ಸುತ್ತಿಗೆ ಎರಡು ಸಲ ಮುಖಾಮುಖಿ. ಹತ್ತು ಸುತ್ತು ಅಂದರೆ ಒಂದು ಬೆಳಗ್ಗೆಗೆ ಇಪ್ಪತ್ತು ಸಲ!

ಡಿಮ್ ಮಾಡುವುದು, ಆಮೇಲೆ ಮಾಡದೇ ಇರುವುದು

ಮೇಷ್ಟ್ರು ನಡೆಯಲು ಶುರು ಮಾಡಿದ್ದು ದಸರಾ ಮುಗಿದು ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಗೆ. ಮೊದಲ ಒಂದೆರಡು ವಾರ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಅಂದರೂ ಒಂದು ಕೆಲಸ ನಡೆಯುತ್ತಲೇ ಇತ್ತು. ದೂರದಿಂದ ಒಬ್ಬರು ಬರುತ್ತಿದ್ದಾರೆ ಅಂತ ನೋಡುತ್ತೇವೆ, ಹತ್ತಿರ ಬಂದಾಗ ಕಣ್ಣು ಕೆಳಗೆ ಹಾಕುತ್ತೇವೆ, ದಾಟಿ ಹೋಗುತ್ತೇವೆ. ಎರ್ವಿಂಗ್ ಗಾಫ್‌ಮನ್ ಅನ್ನುವ ಸಮಾಜಶಾಸ್ತ್ರಜ್ಞ 1963ರಲ್ಲೇ ಇದನ್ನು ಬರೆದಿದ್ದಾನೆ. ಸುಮಾರು ಎಂಟು ಅಡಿ ದೂರದ ತನಕ ನೋಡಿ, ಆಮೇಲೆ ದೃಷ್ಟಿ ತಗ್ಗಿಸುವುದು ಎದುರು ಗಾಡಿಗೆ ಲೈಟ್ ಡಿಮ್ ಮಾಡಿದ ಹಾಗೆ ಅಂತ ಅವನ ಮಾತು. ಸಂಪಾಜೆ ಘಾಟಿಯಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ನೀನು ಇದ್ದೀಯ ಅಂತ ಗೊತ್ತು, ನಿನ್ನಿಂದ ನನಗೆ ಭಯ ಇಲ್ಲ, ನಿನಗೂ ತೊಂದರೆ ಕೊಡಲ್ಲ ಅನ್ನುವುದು ಇದರ ಅರ್ಥ. ಅಸಡ್ಡೆ ಬೇರೆ, ಇದು ಬೇರೆ.

ಈ ಹಂತದಲ್ಲೇ ಒಳಗೊಳಗೆ ಇಷ್ಟ ಹುಟ್ಟುತ್ತಿರುತ್ತದೆ ಅನ್ನುವುದಕ್ಕೆ ಒಂದು ಪ್ರಯೋಗವಿದೆ. ಅಮೆರಿಕದಲ್ಲಿ ಮೋರ್‌ಲ್ಯಾಂಡ್ ಮತ್ತು ಬೀಚ್ ಅನ್ನುವವರು ನಾಲ್ಕು ಯುವತಿಯರನ್ನು ಒಂದು ತರಗತಿಗೆ ಕಳಿಸಿದರು. ಒಬ್ಬಳು ಒಮ್ಮೆಯೂ ಹೋಗಲಿಲ್ಲ, ಉಳಿದವರು 5, 10, 15 ಸಲ ಹೋಗಿ ಸುಮ್ನೆ ಕೂತು ಬಂದರು, ಯಾರ ಜೊತೆಯೂ ಮಾತಿಲ್ಲ. ಕೊನೆಗೆ ಫೋಟೋ ತೋರಿಸಿ ಕೇಳಿದಾಗ ಜಾಸ್ತಿ ಸಲ ಬಂದವಳೇ ವಿದ್ಯಾರ್ಥಿಗಳಿಗೆ ಜಾಸ್ತಿ ಇಷ್ಟವಾದಳು. 1992ರಲ್ಲಿ ಪ್ರಕಟವಾದ ಅಧ್ಯಯನ ಇದು. ಆದರೆ ಒಂದು ಮಾತು, ಇಷ್ಟವಾಗುವುದಕ್ಕೂ ಸ್ನೇಹವಾಗುವುದಕ್ಕೂ ಮಧ್ಯೆ ದಾರಿ ಬಹಳ ಉದ್ದ. ಅಲ್ಲೇ ನಿಂತು ಹೋಗುವವರೇ ಹೆಚ್ಚು.

ನವೆಂಬರ್ ಮಧ್ಯದ ಹೊತ್ತಿಗೆ ಒಂದು ದಿನ ಕಣ್ಣು ತಗ್ಗುವ ಬದಲು ತಲೆ ತಗ್ಗಿತು. ಯಾರದ್ದು ಅಂತ ಇಬ್ಬರೂ ಒಪ್ಪುವುದಿಲ್ಲ ಅಂದೆನಲ್ಲ, ನನಗೆ ಅನ್ನಿಸುವುದು ಇಷ್ಟು: ಒಬ್ಬರು ಕಾಲಡಿಯ ಕಲ್ಲು ನೋಡಿಕೊಂಡು ತಲೆ ಬಗ್ಗಿಸಿದ್ದನ್ನು ಇನ್ನೊಬ್ಬರು ನಮಸ್ಕಾರ ಅಂದುಕೊಂಡಿರಬಹುದು. ಹಾಗೆ ಅಂದುಕೊಂಡು ತಿರುಗಿ ತಲೆ ಆಡಿಸಿದರೆ ಮುಗಿಯಿತು, ಇಬ್ಬರಿಗೂ ಅದು ಉತ್ತರವೇ. ಇಂಥ ಪರಿಚಯಗಳಲ್ಲಿ ಶುರು ಮಾಡಿದವರು ಯಾರೂ ಇಲ್ಲದೇ ಇರುವುದು ಅಪರೂಪವಲ್ಲ.

ಹೊಸಬರಿಗೆ ಗೊತ್ತಾಗದ ಕಷ್ಟ ಬರುವುದು ಎರಡನೇ ಮುಖಾಮುಖಿಯಲ್ಲಿ. ಮೊದಲ ಸಲ ತಲೆ ಆಡಿಸಿ ಆಯಿತು. ಎರಡು ನಿಮಿಷ ಕಳೆಯುವುದರೊಳಗೆ ಅದೇ ಮನುಷ್ಯ ಮತ್ತೆ ಎದುರಿಗೆ. ಮತ್ತೆ ಆಡಿಸಿದರೆ ಅತಿಯಾಯಿತು, ಆಡಿಸದಿದ್ದರೆ ಈಗ ತಾನೇ ಮಾಡಿದ್ದನ್ನು ವಾಪಸ್ ತಗೊಂಡ ಹಾಗೆ. ಇವರಿಬ್ಬರೂ ಇದನ್ನು ಬಗೆಹರಿಸಿಕೊಂಡ ರೀತಿ ನೋಡಿ. ಮೊದಲ ಭೇಟಿಗೆ ಸರಿಯಾಗಿ ಒಂದು ತಲೆ. ಎರಡನೆಯದಕ್ಕೆ ಬರೀ ಹುಬ್ಬು. ಅಲ್ಲಿಂದ ಮುಂದೆ ರೈಟರು ಕ್ರೋಟನ್ ಗಿಡ ನೋಡುತ್ತಿದ್ದರು, ಮೇಷ್ಟ್ರು ವಾಚು ನೋಡುತ್ತಿದ್ದರು. ಹೋಗುವ ಮುಂಚಿನ ಕೊನೆಯ ಸುತ್ತಿಗೆ ಮತ್ತೆ ಒಂದು ತಲೆ, ಅದು 'ಇವತ್ತಿಗೆ ಇಷ್ಟು' ಅನ್ನುವುದಕ್ಕೆ. ಯಾರೂ ಕೂತು ಮಾತಾಡಿ ಮಾಡಿದ ನಿಯಮ ಅಲ್ಲ ಇದು. ಆದರೂ ಡಿಸೆಂಬರ್ ಹೊತ್ತಿಗೆ ತಪ್ಪದೆ ನಡೆಯುತ್ತಿತ್ತು. ಕೊನೆಯ ಸುತ್ತಿನ ತಲೆ ಬರುವುದಕ್ಕೆ ಶುರುವಾಯಿತು ಅಂದರೆ ಪರಿಚಯ ಒಂದು ಮೆಟ್ಟಿಲು ಹತ್ತಿದೆ ಅಂತ ಲೆಕ್ಕ. ಯಾಕೆ ಅಂದರೆ ಎದುರಿಗೆ ಬಂದಾಗ ತಲೆ ಆಡಿಸುವುದು ಮರ್ಯಾದೆಗೂ ಆಗಬಹುದು, ಹೋಗುವಾಗ ಹೇಳಿ ಹೋಗುವುದು ಮರ್ಯಾದೆಗಿಂತ ಸ್ವಲ್ಪ ಜಾಸ್ತಿ.

ಜನವರಿಯ ಮಂಜು

ಜನವರಿಯಲ್ಲಿ ಇದು ಮುರಿದು ಬೀಳುವುದರಲ್ಲಿತ್ತು. ಆಗ ಬೆಳಗ್ಗೆ ಮಡಿಕೇರಿಯಲ್ಲಿ ಮಂಜು ಇಳಿದರೆ ಎದುರಿನ ಬೆಂಚೂ ಕಾಣುವುದಿಲ್ಲ. ಮೇಷ್ಟ್ರು ಮಂಕಿ ಕ್ಯಾಪ್ ಹಾಕಿ, ಮೇಲಿಂದ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದರು, ಅರಸೀಕೆರೆಯ ಬಿಸಿಲಲ್ಲಿ ಬೆಳೆದ ಜೀವ ಪಾಪ. ಮಫ್ಲರಿನೊಳಗಿನ ಉಸಿರು ಮೇಲೆ ಹೋಗಿ ಕನ್ನಡಕಕ್ಕೆ ಹಬೆ ಕೂರುತ್ತಿತ್ತು. ಒರೆಸಿ ಒರೆಸಿ ಸಾಕಾಗಿ ಅವರು ಕನ್ನಡಕ ತೆಗೆದು ಸ್ವೆಟರ್ ಜೇಬಿಗೆ ಹಾಕಿಕೊಂಡರು. ಅದಿಲ್ಲದೆ ಅವರಿಗೆ ಎದುರು ಬರುವವರು ಗಂಡೋ ಹೆಣ್ಣೋ ಅನ್ನುವುದೂ ಗೊತ್ತಾಗುವುದಿಲ್ಲ.

ರೈಟರು ಎಂದಿನಂತೆ ತಲೆ ಆಡಿಸಿದರು. ಈ ಕಡೆಯಿಂದ ಏನೂ ಇಲ್ಲ. ಮಾರನೇ ದಿನವೂ ಇಲ್ಲ. ಮೂರನೇ ದಿನದಿಂದ ರೈಟರು ಮೊದಲ ಸುತ್ತಿಗೇ ಕ್ರೋಟನ್ ಗಿಡ ನೋಡತೊಡಗಿದರು. "ಕಲಿತವರು ಅಲ್ವಾ, ನಮ್ಮಂಥವರ ಸಹವಾಸ ಬೇಡ ಅನ್ನಿಸಿರಬೇಕು ಅಂದುಕೊಂಡೆ" ಅಂತ ನನ್ನ ಹತ್ತಿರ ಹೇಳಿದರು. ನಾಲ್ಕಾರು ದಿನ ಬಿಟ್ಟು ಮಂಜು ತೆಳುವಾಯಿತು, ಮೇಷ್ಟ್ರು ಕನ್ನಡಕ ಹಾಕಿಕೊಂಡರು, ನೋಡಿದರೆ ಈ ಮನುಷ್ಯ ಮುಖ ತಿರುಗಿಸಿ ಹೋಗುತ್ತಿದ್ದಾರೆ. "ಊರಿನವರು, ಹೊರಗಿಂದ ಬಂದವನ ಜೊತೆ ಎಷ್ಟು ದಿನ ಅಂತ ಬಿಟ್ಟಿರಬೇಕು ಅಂದುಕೊಂಡೆ" ಅಂತ ಅವರು. ಒಂದೇ ಹಬೆಗೆ ಎರಡು ಕಥೆ. ಇಬ್ಬರೂ ತಮ್ಮ ತಮ್ಮ ಹಳೇ ಅಳುಕನ್ನೇ ಅದರೊಳಗೆ ತುಂಬಿದ್ದರು, ಒಬ್ಬರು ಓದಿನದ್ದು, ಇನ್ನೊಬ್ಬರು ಊರಿನದ್ದು.

ತಲೆ ಆಡಿಸುವ ಪರಿಚಯದ ದೊಡ್ಡ ದೌರ್ಬಲ್ಯ ಇದೇ. ಮಾತಾಡುವ ಗೆಳೆಯನಾದರೆ 'ಯಾಕೆ ಸಾರ್ ನಿನ್ನೆ ನೋಡಿಯೂ ನೋಡದ ಹಾಗೆ ಹೋದಿರಿ' ಅಂತ ಕೇಳಬಹುದು. ಇಲ್ಲಿ ಹಾಗೆ ಕೇಳುವ ಹಕ್ಕೇ ಇನ್ನೂ ಬಂದಿಲ್ಲ. ಹಾಗಾಗಿ ಒಂದು ಸಣ್ಣ ತಪ್ಪು ಗ್ರಹಿಕೆ ಬಂದರೆ ಅದನ್ನು ತೊಳೆದುಕೊಳ್ಳಲು ನೀರೇ ಇಲ್ಲ. ಬಹಳಷ್ಟು ಪಾರ್ಕ್ ಪರಿಚಯಗಳು ಹೀಗೇ ಸದ್ದಿಲ್ಲದೆ ಸಾಯುತ್ತವೆ, ಜಗಳವೂ ಇಲ್ಲ, ಕಾರಣವೂ ಇಲ್ಲ.

ಇವರದ್ದು ಉಳಿದದ್ದು ಒಂದು ಮದುವೆಯಿಂದ. ರೈಟರ ಅಣ್ಣನ ಮಗಳ ಮದುವೆ ಸೋಮವಾರಪೇಟೆ ಕಡೆ ಇತ್ತು, ನಾಲ್ಕು ದಿನ ಪಾರ್ಕಿಗೆ ಬರಲಿಲ್ಲ. ಐದನೇ ದಿನ ಎದುರಿಗೆ ಬಂದಾಗ ಮೇಷ್ಟ್ರ ಬಾಯಿಂದ ತಾನಾಗಿ ಮಾತು ಬಂದುಬಿಟ್ಟಿತು. "ಏನ್ ಸಾರ್, ನಾಲ್ಕು ದಿನ ಕಾಣಲೇ ಇಲ್ಲ?" ರೈಟರು ನಡೆಯುತ್ತಲೇ "ಮದುವೆ ಇತ್ತು ಸಾರ್" ಅಂದರು, ದಾಟಿ ಹೋದರು. ಅಷ್ಟೇ. ಆದರೆ ಆ ಸುತ್ತು ಪೂರ್ತಿ ಅವರಿಗೆ ಅದೇ ತಲೆಯಲ್ಲಿ. "ಇಷ್ಟು ವರ್ಷ ಎಲ್ಲರ ಆಬ್ಸೆಂಟ್ ಬರೆದವನು ನಾನು. ನನ್ನ ಆಬ್ಸೆಂಟ್ ಬರೆದಿಟ್ಟುಕೊಂಡ ಮೊದಲ ಮನುಷ್ಯ ಅವರು."

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇಲ್ಲಿದೆ. ಎರಡು ಪ್ರಶ್ನೆ ತಗೊಳ್ಳಿ. ಒಂದು, 'ನಿಮ್ಮ ಹೆಸರೇನು?' ಇನ್ನೊಂದು, 'ಯಾಕೆ ಕಾಣಲಿಲ್ಲ?' ಮೊದಲ ವಾರದಲ್ಲಿ ಹೆಸರು ಕೇಳುವುದು ಸುಲಭ. ಎರಡು ತಿಂಗಳು ದಿನಾ ತಲೆ ಆಡಿಸಿದ ಮೇಲೆ ಕೇಳುವುದು ಮುಜುಗರ, ಇಷ್ಟು ದಿನ ಗೊತ್ತಿಲ್ಲದೇ ನಗುತ್ತಿದ್ದೆಯಾ ಅನ್ನುವ ಹಾಗೆ. ದಿನ ಹೋದಷ್ಟೂ ಇದು ಕಷ್ಟವಾಗುತ್ತದೆ. ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ರೈಲು ನಿಲ್ದಾಣದಲ್ಲಿ ದಿನಾ ಒಟ್ಟಿಗೆ ನಿಲ್ಲುವವರ ಬಗ್ಗೆ ಬರೆದಾಗಲೂ ಇದನ್ನೇ ಗಮನಿಸಿದ್ದ. ವರ್ಷಗಟ್ಟಲೆ ಮುಖ ಗೊತ್ತು, ಮಾತಿಲ್ಲ, ಸುಮ್ಮನಿದ್ದ ದಿನಗಳು ಹೆಚ್ಚಿದಷ್ಟೂ ಅದನ್ನು ಮುರಿಯುವುದು ಕಷ್ಟ. ಆದರೆ 'ಯಾಕೆ ಕಾಣಲಿಲ್ಲ' ಅನ್ನುವ ಪ್ರಶ್ನೆ ಸರಿಯಾಗಿ ಉಲ್ಟಾ. ಮೊದಲ ವಾರ ಕೇಳಿದರೆ ಇವನ್ಯಾಕೆ ನನ್ನ ಮೇಲೆ ಕಣ್ಣಿಟ್ಟಿದ್ದಾನೆ ಅನ್ನಿಸುತ್ತದೆ. ಎರಡು ತಿಂಗಳಾದ ಮೇಲೆ ಕೇಳಿದರೆ ಖುಷಿಯಾಗುತ್ತದೆ. ದಿನ ಹೋದಷ್ಟೂ ಸುಲಭವಾಗುವ ಪ್ರಶ್ನೆ ಇದು. ಹೆಸರಿನ ಬಾಗಿಲು ಮುಚ್ಚಿ ಹೋದವರು ಈ ಬಾಗಿಲಿನಿಂದ ಒಳಗೆ ಬರಬಹುದು, ಮೇಷ್ಟ್ರು ಬಂದಿದ್ದು ಹಾಗೇ.

ಅರ್ಧ ಸುತ್ತಿಗೊಂದು ಮಾತು

ಎದುರು ಬದುರು ನಡೆಯುವವರಿಗೆ ಮಾತಿಗೆ ಎಷ್ಟು ಹೊತ್ತು ಸಿಗುತ್ತದೆ? ಇಬ್ಬರೂ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿದ್ದರೆ ಹತ್ತಿರವಾಗುವುದು 10ರ ವೇಗದಲ್ಲಿ. ಮಾತು ಕೇಳುವಷ್ಟು ಹತ್ತಿರ ಬಂದು ದಾಟಿ ಹೋಗುವುದಕ್ಕೆ ಎರಡು ಸೆಕೆಂಡು. ಮೂರು ನಾಲ್ಕು ಪದ ಹಿಡಿಸುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಇವರ ಮಾತು ನಡೆದದ್ದು ಹೀಗೆ: ಒಂದು ಸಲ ಪ್ರಶ್ನೆ, ಅರ್ಧ ಸುತ್ತು ಆದ ಮೇಲೆ ಉತ್ತರ, ಮತ್ತೆ ಅರ್ಧ ಸುತ್ತಿಗೆ ಆ ಉತ್ತರಕ್ಕೊಂದು ಮಾತು.

ವಿಷಯ ಒದಗಿಸಿದ್ದು ಹೂಮಳೆ. ಮಾರ್ಚಿನಲ್ಲಿ ಒಂದು ಸಂಜೆ ಗುಡುಗಿ ಮಳೆ ಬಂತು. ಮರುದಿನ ರೈಟರು ಎದುರಿಗೆ ಬರುತ್ತಲೇ "ಒಂದು ಇಂಚು ಇಪ್ಪತ್ತು ಸೆಂಟ್!" ಅಂದು ದಾಟಿದರು. ಮೇಷ್ಟ್ರಿಗೆ ತಲೆಬುಡ ಗೊತ್ತಾಗಲಿಲ್ಲ. ಅರ್ಧ ಸುತ್ತಾದ ಮೇಲೆ "ಎಂಥ ಸೆಂಟ್?" ಅಂದರು. "ಮಳೆ ಸಾರ್, ಮಳೆ!" ಅಂತ ಅತ್ತ ಕಡೆಯಿಂದ. ಕೊಡಗಿನಲ್ಲಿ ತೋಟದವರು ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ, ಒಂದು ಇಂಚಿಗೆ ನೂರು ಸೆಂಟ್. ಮೇಷ್ಟ್ರು ಮುಂದಿನ ಅರ್ಧ ಸುತ್ತು ನಡೆಯುತ್ತಲೇ ಮನಸ್ಸಿನಲ್ಲಿ ಗುಣಿಸಿ, ಮುಂದಿನ ಭೇಟಿಗೆ "ಮೂವತ್ತು ಮಿಲಿಮೀಟರ್" ಅಂದರು. ರೈಟರು ನಿಂತೇ ಬಿಟ್ಟರು. ಮೊದಲ ಸಲ ನಿಂತದ್ದು ಅವತ್ತು. ರೊಬಸ್ಟಾ ಹೂ ಬಿಡುವುದಕ್ಕೆ ಈ ಮಳೆ ಯಾಕೆ ಬೇಕು, ಎರಡು ಮೂರು ವಾರ ಬಿಟ್ಟು ಬ್ಯಾಕಿಂಗ್ ಮಳೆ ಬರದಿದ್ದರೆ ಕಾಯಿ ಹೇಗೆ ನಿಲ್ಲುವುದಿಲ್ಲ ಅಂತ ಎರಡು ನಿಮಿಷ ಹೇಳಿ, ಏನೋ ತಪ್ಪು ಮಾಡಿದವರ ಹಾಗೆ ಗಡಿಬಿಡಿಯಲ್ಲಿ ಹೊರಟರು.

ಎಲ್ಲರಿಗೂ ಸಲ್ಲುವ 'ಚಳಿ ಜಾಸ್ತಿ ಅಲ್ವಾ' ಅನ್ನುವ ಮಾತಿಗೂ ಈ ಇಂಚು ಸೆಂಟಿಗೂ ವ್ಯತ್ಯಾಸ ಇದೆ. ಚಳಿಯ ಮಾತಿಗೆ 'ಹೌದು' ಅಂದರೆ ಮುಗಿಯಿತು. ಇದಕ್ಕೆ ನಾಳೆಯೂ ಮುಂದುವರಿಯುವ ಗುಣ ಇತ್ತು. ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ, ಆದರೆ ಲೆಕ್ಕ ಹಾಕುವುದರಲ್ಲಿ ಆಸಕ್ತಿ ಇದೆ. ಅಲ್ಲಿಂದ ಮುಂದೆ ಮಳೆ ಬಂದ ಮಾರನೇ ದಿನ ಮೇಷ್ಟ್ರೇ ಮೊದಲು "ಎಷ್ಟಾಯ್ತು?" ಅನ್ನುತ್ತಿದ್ದರು.

ಇಷ್ಟಾದರೂ ಹೆಸರು ಗೊತ್ತಿಲ್ಲ! ಅದು ಗೊತ್ತಾಗಿದ್ದು ಏಪ್ರಿಲಿನಲ್ಲಿ, ಪಾರ್ಕಿನಲ್ಲಲ್ಲ, ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ. ಮೇಷ್ಟ್ರು ಹೆಂಡತಿ ಜೊತೆ ಬೀನ್ಸ್ ಆರಿಸುತ್ತಿದ್ದರು. ಎದುರಿಗೆ ಪಂಚೆ ಉಟ್ಟು, ಕೈಯಲ್ಲಿ ಚೀಲ ಹಿಡಿದ ಒಬ್ಬರು ನಿಂತು ನಗುತ್ತಿದ್ದಾರೆ. ಟ್ರ್ಯಾಕ್ ಪ್ಯಾಂಟಿನಲ್ಲಿ ಮಾತ್ರ ನೋಡಿದ ಮನುಷ್ಯ, ಗುರುತು ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದ ಮೇಲೆ ಇಬ್ಬರೂ ಎಷ್ಟೋ ವರ್ಷದ ನಂಟರು ಸಿಕ್ಕ ಹಾಗೆ ಕೈ ಹಿಡಿದುಕೊಂಡರಂತೆ. ಇದನ್ನೂ ಮಿಲ್‌ಗ್ರಾಮ್ ಹೇಳಿದ್ದಾನೆ. ದಿನಾ ನೋಡುವ ಜಾಗದಿಂದ ದೂರ ಸಿಕ್ಕಷ್ಟೂ ಇಂಥ ಪರಿಚಿತ ಅಪರಿಚಿತರು ಮಾತಾಡುವ ಸಾಧ್ಯತೆ ಜಾಸ್ತಿ. ದಿನದ ಜಾಗದಲ್ಲಿ ತಲೆ ಆಡಿಸುವುದು ಅನ್ನುವ ನಿಯಮ ಇದೆ, ಸಂತೆಯಲ್ಲಿ ಆ ನಿಯಮ ಇಲ್ಲ, ಹೊಸದಾಗಿ ಏನಾದರೂ ಮಾಡಲೇಬೇಕು.

ಹೆಂಡತಿಗೆ ಪರಿಚಯ ಮಾಡಿಸಬೇಕಲ್ಲ. "ಇವರು... ನಮ್ಮ ವಾಕಿಂಗ್‌ನವರು" ಅಂದು ಮೇಷ್ಟ್ರು ನಿಂತರು. ಆಕೆಗೆ ಈ ಗಂಡಸರ ಮುಜುಗರ ಯಾವುದೂ ಇಲ್ಲ. "ಏನು ಹೆಸರು ಅಣ್ಣ? ಯಾವ ಕಡೆ ಆಯ್ತು ನಿಮ್ದು?" ಅಂತ ನೇರ ಕೇಳಿದರು. ರೈಟರು ಹೇಳಿದರು, ತಿರುಗಿ "ನಿಮ್ಮ ಮನೆ ಎಲ್ಲಿ ಅಕ್ಕ?" ಅಂದರು. ಗದ್ದಿಗೆ ಹತ್ತಿರ ಅಂತ ಉತ್ತರ ಬಂತು. ಆರು ತಿಂಗಳು ಇಬ್ಬರು ಎತ್ತಲಾಗದ ಕಲ್ಲನ್ನು ಮೂರನೆಯವರು ಅರ್ಧ ನಿಮಿಷದಲ್ಲಿ ಎತ್ತಿದರು. ಅವರ ನಡುವೆ ಇದ್ದ ಮೌನ ಈಕೆಯದ್ದಲ್ಲ, ಹಾಗಾಗಿ ಅದನ್ನು ಮುರಿದರೆ ಈಕೆಗೆ ನಷ್ಟವೂ ಇಲ್ಲ.

ಮಳೆಗಾಲ

ಬೇರೆ ಊರಿನಲ್ಲಿ ಆಗಿದ್ದರೆ ಕಥೆ ಇಲ್ಲಿಂದ ನೇರವಾಗಿ ಮುಂದೆ ಹೋಗುತ್ತಿತ್ತೇನೋ. ಕೊಡಗಿನಲ್ಲಿ ಜೂನ್ ಬರುತ್ತದೆ. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ, ಪಾರ್ಕಿನ ದಾರಿ ಪಾಚಿ ಕಟ್ಟುತ್ತದೆ, ನಡೆಯುವವರು ಮನೆ ಸೇರುತ್ತಾರೆ. ಇಬ್ಬರ ಹತ್ತಿರವೂ ಫೋನ್ ನಂಬರ್ ಇರಲಿಲ್ಲ. ದಿನಾ ಕಾಣುವವರ ನಂಬರ್ ಯಾಕೆ ಬೇಕು?

ರೈಟರು ಕೊಡೆ ಹಿಡಿದು ಬರುತ್ತಲೇ ಇದ್ದರು, ತೋಟದ ಮನುಷ್ಯನಿಗೆ ಮಳೆ ಲೆಕ್ಕಕ್ಕಿಲ್ಲ. ಮೇಷ್ಟ್ರು ಕಾಣಲಿಲ್ಲ. ಮಳೆಗೆ ಹೆದರಿರಬೇಕು ಅಂತ ಒಂದು ತಿಂಗಳು ಸುಮ್ಮನಿದ್ದರು. ಜುಲೈಯಲ್ಲಿ ಎರಡು ಮೂರು ದಿನ ಬಿಸಿಲು ಬಿತ್ತು, ಉಳಿದವರೆಲ್ಲ ಬಂದರು, ಮೇಷ್ಟ್ರು ಮಾತ್ರ ಇಲ್ಲ. ಆಗ ಅವರಿಗೆ ಸಂಶಯ ಬಂತು. ಮನೆ ಗದ್ದಿಗೆ ಹತ್ತಿರ ಅಂತ ಗೊತ್ತಿತ್ತು. ಆದರೆ ಸುಮ್ನೆ ಹೋಗಿ ಬಾಗಿಲು ಬಡಿಯುವುದು ಹೇಗೆ, ಏನಂತ ಹೋಗುವುದು? ಇದು ಸಣ್ಣ ಸಂಕೋಚ ಅಲ್ಲ. ಪಾರ್ಕಿನ ಪರಿಚಯಕ್ಕೆ ಪಾರ್ಕಿನ ಗೇಟೇ ಗಡಿ. ಅದನ್ನು ದಾಟುವುದಕ್ಕೆ ಒಂದು ನೆಪ ಬೇಕು, ಆ ನೆಪ ದೊಡ್ಡದಾಗಿದ್ದರೆ ಎದುರಿನವರಿಗೆ ಭಾರ.

ನೆಪ ಕೊಟ್ಟದ್ದು ಆಟಿ ಹದಿನೆಂಟು. ಆಗಸ್ಟ್ 3ರ ಹೊತ್ತಿಗೆ ಬರುವ ಆ ದಿನ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅವತ್ತು ಆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧಿ ಗುಣ ಬರುತ್ತದೆ ಅಂತ ನಂಬಿಕೆ. ತೋಟದಿಂದ ಬಂದ ಸೊಪ್ಪನ್ನು ಅಕ್ಕಪಕ್ಕದವರಿಗೆ ಕೊಡುವುದೂ ಉಂಟು. ರೈಟರು ಒಂದು ಕಟ್ಟು ಹಿಡಿದುಕೊಂಡು ಹೋಗಿ, ಅಂಗಡಿಯಲ್ಲಿ "ಅರಸೀಕೆರೆಯ ಮೇಷ್ಟ್ರ ಮನೆ" ಅಂತ ಕೇಳಿ ಪತ್ತೆ ಹಚ್ಚಿದರು. ನೋಡಿದರೆ ಮೇಷ್ಟ್ರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾರೆ. ಅಂಗಳದ ಪಾಚಿಯಲ್ಲಿ ಜಾರಿ ಪಾದ ಉಳುಕಿತ್ತು. ಮಗಳು ಡ್ಯೂಟಿಗೆ ಹೋದರೆ ಮನೆಯಲ್ಲಿ ಇವರಿಬ್ಬರೇ, ವಾರಗಟ್ಟಲೆ ಹೊರಗಿನ ಮುಖ ಕಂಡಿಲ್ಲ. ರೈಟರು ಕೂತು ಒಂದು ಕಾಫಿ ಕುಡಿದು, ಸೊಪ್ಪು ಬೇಯಿಸಿ ಆ ನೇರಳೆ ನೀರಿನಲ್ಲಿ ಪಾಯಸ ಮಾಡುವ ಕ್ರಮ ಹೇಳಿ, ನಂಬರ್ ಬರೆದು ಕೊಟ್ಟು ಬಂದರು.

ಒಂದು ವಿಷಯ ಹೇಳಲು ಮರೆತರು. ಮಾರನೇ ದಿನ ಬೆಳಗ್ಗೆ ಆರಕ್ಕೇ ಫೋನ್. ಮೇಷ್ಟ್ರ ಧ್ವನಿ ನಡುಗುತ್ತಿದೆ. "ಸಾರ್, ಮೂತ್ರ ಕೆಂಪಗೆ ಹೋಗ್ತಿದೆ, ಆಸ್ಪತ್ರೆಗೆ ಹೋಗ್ಲಾ?" ಕೊಡಗಿನ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು, ಮದ್ದುಸೊಪ್ಪು ತಿಂದರೆ ಬಣ್ಣ ಹಾಗೇ ಬರುತ್ತದೆ. "ಅದು ಮದ್ದು ಹಿಡಿದದ್ದು ಮಾರಾಯ್ರೇ!" ಅಂತ ರೈಟರು ನಕ್ಕಿದ್ದನ್ನು ಮೇಷ್ಟ್ರು ಇವತ್ತಿಗೂ ಅಣಕಿಸಿ ತೋರಿಸುತ್ತಾರೆ. 'ಸಾರ್' ಹೋಗಿ 'ಮಾರಾಯ್ರೇ' ಬಂದದ್ದು ಆ ಫೋನಿನಲ್ಲೇ.

ಗಂಟೆಗಳ ಲೆಕ್ಕ

ಜೆಫ್ರಿ ಹಾಲ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು ಹೊಸ ಊರಿಗೆ ಬಂದು ಆರು ತಿಂಗಳೊಳಗಿನ 355 ಜನರನ್ನು, ಜೊತೆಗೆ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ಒಂದು ಅಂದಾಜು ಕೊಟ್ಟಿದ್ದಾರೆ. ಬರೀ ಪರಿಚಯ ಹಗುರ ಸ್ನೇಹ ಆಗಲು ಸುಮಾರು 50 ಗಂಟೆ ಒಟ್ಟಿಗೆ ಕಳೆದಿರಬೇಕು, ಸ್ನೇಹ ಅನ್ನಿಸಿಕೊಳ್ಳಲು 90ರ ಹತ್ತಿರ, ಆಪ್ತ ಸ್ನೇಹಕ್ಕೆ 200ಕ್ಕೂ ಮೇಲೆ. ಇದನ್ನು ಇವರಿಗೆ ಹಚ್ಚಿ ನೋಡಿದೆ. ನವೆಂಬರಿನಿಂದ ಮೇ ತನಕ ಸುಮಾರು 150 ಬೆಳಗ್ಗೆ, ದಿನಕ್ಕೆ ನಾಲ್ಕು ಸಲ ತಲೆಯೋ ಮಾತೋ, ಒಂದೊಂದಕ್ಕೆ ಎರಡು ಸೆಕೆಂಡು. ಒಟ್ಟು 20 ನಿಮಿಷ. ಸಂತೆಯ ಹತ್ತು ನಿಮಿಷ ಸೇರಿಸಿದರೂ ಅರ್ಧ ಗಂಟೆ. ಅರ್ಧ ಗಂಟೆಯ ಪರಿಚಯದ ಮೇಲೆ ಒಬ್ಬ ಮನುಷ್ಯ ಮಳೆಯಲ್ಲಿ ಮನೆ ಹುಡುಕಿಕೊಂಡು ಹೋಗುತ್ತಾನಾ?

ಹೋದರು ಅನ್ನುವುದು ನಿಜ. ಆದರೆ ಇದರಿಂದ ಹಾಲ್ ಲೆಕ್ಕ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಆಗಸ್ಟಿನಲ್ಲಿ ಅವರಿನ್ನೂ ಗೆಳೆಯರಾಗಿರಲಿಲ್ಲ. ತಲೆ ಆಡಿಸಿದ ಆ ಏಳು ತಿಂಗಳು ಕೊಟ್ಟದ್ದು ಸ್ನೇಹ ಅಲ್ಲ, ಒಬ್ಬರು ಕಾಣದಿದ್ದರೆ ಕೇಳುವ ಹಕ್ಕು. ಸ್ನೇಹದ ಗಂಟೆಗಳು ಶುರುವಾಗಿದ್ದು ಸೆಪ್ಟೆಂಬರಿನಲ್ಲಿ, ಮೇಷ್ಟ್ರು ಕೋಲು ಹಿಡಿದು ಪಾರ್ಕಿಗೆ ವಾಪಸ್ ಬಂದ ಮೇಲೆ. ಮೊದಲ ದಿನ ಎದುರಿಗೆ ಸಿಕ್ಕಾಗ ರೈಟರು ದಾಟಿ ಹೋಗಲಿಲ್ಲ, ತಿರುಗಿ ಮೇಷ್ಟ್ರ ಪಕ್ಕ ನಡೆದರು. ದಿಕ್ಕು ಬದಲಾಯಿತು. ಮುಕ್ಕಾಲು ಗಂಟೆಯಂತೆ ವಾರಕ್ಕೆ ಆರು ದಿನ ಅಂದರೆ ನಾಲ್ಕೂವರೆ ಗಂಟೆ. ಹುತ್ತರಿ ಹೊತ್ತಿಗೆ ಐವತ್ತು ಗಂಟೆ ತುಂಬಿತ್ತು, ಆ ವರ್ಷ ಹುತ್ತರಿ ಊಟಕ್ಕೆ ಮೇಷ್ಟ್ರ ಮನೆಯವರು ರೈಟರ ಮನೆಯಲ್ಲಿದ್ದರು.

ದಿಕ್ಕು ಬದಲಿಸಿದ್ದು ಪುಕ್ಕಟೆ ಅಲ್ಲ. ರೈಟರ ಹತ್ತು ಸುತ್ತು ಆರಕ್ಕೆ ಇಳಿಯಿತು, ಹೊಟ್ಟೆ ಬಂತು ಅಂತ ಅವರ ಸೊಸೆಯ ದೂರು. ಇನ್ನೊಂದು ನಷ್ಟ ನನಗೇ ಗೊತ್ತಾದದ್ದು. ಜೋಡಿಯಾಗಿ ಮಾತಾಡಿಕೊಂಡು ಬರುವವರಿಗೆ ಎದುರಿನವರು ತಲೆ ಆಡಿಸುವುದು ಕಡಿಮೆ. ಮೊದಲು ಇಬ್ಬರಿಗೂ ದಿನಾ ತಲೆ ಆಡಿಸುತ್ತಿದ್ದ ನೀಲಿ ಟೋಪಿಯವರೊಬ್ಬರು ಈಗ ಬರೀ ಡಿಮ್ ಮಾಡಿ ಹೋಗುತ್ತಾರೆ.

ಎಲ್ಲ ತಲೆಯೂ ಹೀಗೆ ಮುಂದೆ ಹೋಗುವುದಿಲ್ಲ, ಹೋಗಬೇಕು ಅಂತಲೂ ಇಲ್ಲ. ಅದೇ ಪಾರ್ಕಿನಲ್ಲಿ ಎರಡನೇ ದಿನವೇ ಕೈ ಕುಲುಕಿ, ಮೂರನೇ ದಿನ ಬೆಂಚಿಗೆ ಕೂರಿಸಿ ಪಾಲಿಸಿ ಮಾಡಿಸಿ ಅಂದವರೊಬ್ಬರಿದ್ದರು. ಅವರನ್ನು ಕಂಡರೆ ಈಗ ಅರ್ಧ ಪಾರ್ಕು ದಿಕ್ಕು ಬದಲಿಸುತ್ತದೆ. ಒಂಟಿಯಾಗಿ ನಡೆಯುವ ಹೆಂಗಸರಿಗೆ ಗಂಡಸರ ಜೊತೆ ಈ ತಲೆ ಆಡಿಸುವ ಆಟ ಇಷ್ಟು ಸಲೀಸಲ್ಲ. ಅದು ಬೇರೆಯೇ ಪ್ರಕರಣ, ಅದನ್ನು ಅವರಲ್ಲೇ ಯಾರಾದರೂ ಬರೆಯಬೇಕು.

ಬರೆದದ್ದನ್ನು ಇಬ್ಬರಿಗೂ ಓದಲು ಕೊಟ್ಟೆ. ಮೇಷ್ಟ್ರು ಪೆನ್ಸಿಲ್ ಹಿಡಿದೇ ಓದಿದರು. ಮಾತು ಶುರುವಾಗಿದ್ದೇ ಜನವರಿ ಕೊನೆಗೆ, ಅದಕ್ಕೂ ಮುಂಚಿನ ತಲೆಗೆಲ್ಲ ಎರಡು ಸೆಕೆಂಡು ಕೊಟ್ಟರೆ ಹೇಗೆ, ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಬರುವುದಿಲ್ಲ ಅಂತ ಅಂಚಿನಲ್ಲಿ ಬರೆದು, ಒಟ್ಟು ಮೊತ್ತ ಇಳಿಸಿ ಅಡಿಗೆರೆ ಎಳೆದರು. ರೈಟರು ಓದಿದ್ದು ಬೆಂಚಿನ ಮೇಲೆ, ಮೇಷ್ಟ್ರ ಪಕ್ಕ. ಜನವರಿಯ ಭಾಗಕ್ಕೆ ಬಂದಾಗ ನಿಲ್ಲಿಸಿದರು. ಕನ್ನಡಕದ ಸಂಗತಿ ಅವರಿಗೆ ಗೊತ್ತೇ ಇರಲಿಲ್ಲ, ಸ್ನೇಹವಾಗಿ ಇಷ್ಟು ದಿನವಾದರೂ ಇಬ್ಬರೂ ಆ ಹತ್ತು ದಿನದ ಮಾತು ಎತ್ತಿರಲಿಲ್ಲ.

"ಜೇಬಲ್ಲಿತ್ತಾ?" ಅಂದರು.

"ಜೇಬಲ್ಲೇ ಇತ್ತು ಮಾರಾಯ್ರೇ" ಅಂದರು ಮೇಷ್ಟ್ರು. "ನೀವ್ಯಾಕೆ ಗಿಡ ನೋಡಿದ್ರಿ?"